ಮಕ್ಕಳನ್ನು ಮಾರ್ಕೆಟ್ಟಿಗೆ ಕರೆದೊಯ್ಯುವ ಮುನ್ನ: ಪಾಲಕರಿಗೆ ಒಪ್ಪಿಗೆ ಪತ್ರ ಬರೆಯುವುದು ಹೇಗೆ?

ಶಾಲೆಯಿಂದ ಮನೆಗೆ ಬರುವ ಹೊರಸಂಚಾರದ ಚೀಟಿಗಳಲ್ಲಿ ಹೆಚ್ಚಿನವು ಮೂರು ಸಾಲಿನವು. ಇಂಥ ದಿನ ಮಕ್ಕಳನ್ನು ಮಾರ್ಕೆಟ್ಟಿಗೆ ಕರೆದೊಯ್ಯುತ್ತೇವೆ, ಐವತ್ತು ರೂಪಾಯಿ ಕಳಿಸಿ, ಏನಾದರೂ ಆದರೆ ಶಾಲೆ ಜವಾಬ್ದಾರಿಯಲ್ಲ. ಅದನ್ನು ಓದಿದ ತಾಯಿಗೆ ಬರುವ ಪ್ರಶ್ನೆಗಳೇ ಬೇರೆ. ರಸ್ತೆ ಯಾರು ದಾಟಿಸುತ್ತಾರೆ? ಮೂವತ್ತಾರು ಮಕ್ಕಳಿಗೆ ಎಷ್ಟು ಜನ ದೊಡ್ಡವರು? ಐವತ್ತು ರೂಪಾಯಿ ಯಾತಕ್ಕೆ? ಉತ್ತರ ಸಿಗದ ಪಾಲಕರು ಒಂದೋ ಸುಮ್ಮನೆ ಸಹಿ ಹಾಕುತ್ತಾರೆ, ಇಲ್ಲವೇ ಅವತ್ತು ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ಎರಡೂ ಒಪ್ಪಿಗೆಯಲ್ಲ.

ಇಲ್ಲಿ ಒಂದೇ ಉದಾಹರಣೆ ಹಿಡಿದು ಹೊರಡೋಣ. ಹುಬ್ಬಳ್ಳಿ-ಧಾರವಾಡ ನಡುವಿನ ನವಲೂರು ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆ. ಐದನೇ ತರಗತಿ. 36 ಮಕ್ಕಳು, ಅದರಲ್ಲಿ 19 ಹುಡುಗಿಯರು, 17 ಹುಡುಗರು. ಹೋಗಬೇಕಾದದ್ದು ಧಾರವಾಡದ ಸೂಪರ್ ಮಾರ್ಕೆಟ್ ಎಂಬ ಕಾಯಿಪಲ್ಲೆ ಮಾರ್ಕೆಟ್ಟಿಗೆ. ನವಲೂರು ಪೇರಲ ಹಣ್ಣಿಗೆ ಹೆಸರಾದ ಊರು. ತಮ್ಮೂರ ತೋಟದಲ್ಲಿ ಕಿತ್ತ ಹಣ್ಣು ಮಾರ್ಕೆಟ್ಟಿನಲ್ಲಿ ಎಷ್ಟಕ್ಕೆ ಮಾರಾಟವಾಗುತ್ತದೆ ಎಂದು ಮಕ್ಕಳೇ ಕೇಳಿ ಬರೆದುಕೊಳ್ಳಬೇಕು, ಜೊತೆಗೆ ಕೋಸಂಬರಿಗೆ ಬೇಕಾದ ಸೌತೆಕಾಯಿ, ಗಜ್ಜರಿ, ನಿಂಬೆಹಣ್ಣು, ಕೊತ್ತಂಬರಿ ತಾವೇ ಕೊಳ್ಳಬೇಕು ಎಂಬುದು ಟೀಚರ್ ಲೆಕ್ಕಾಚಾರ. ಶಾಲೆಯನ್ನೂ ಅಂಕಿಗಳನ್ನೂ ಉದಾಹರಣೆಗೆಂದು ಕಟ್ಟಿಕೊಂಡಿದ್ದೇನೆ. ನಿಮ್ಮದು ಗದಗಿನ ಶಾಲೆಯೋ ಹಾವೇರಿಯ ಶಾಲೆಯೋ ಆಗಿದ್ದರೆ ಊರು, ದರ, ದಾರಿ ಬದಲಿಸಿಕೊಂಡರಾಯಿತು.

ಪತ್ರಕ್ಕೆ ಮೊದಲು ಒಮ್ಮೆ ಹೋಗಿ ಬನ್ನಿ

ಪತ್ರ ಬರೆಯಲು ಕೂರುವ ಮೊದಲು ಟೀಚರ್ ಒಬ್ಬರೇ, ಅಥವಾ ಜೊತೆಗೊಬ್ಬರನ್ನು ಕರೆದುಕೊಂಡು, ಮಾರ್ಕೆಟ್ಟಿಗೆ ಹೋಗಿ ಬರಬೇಕು. ಹೋಗುವುದು ಯಾವತ್ತೋ ಒಂದು ಸಂಜೆಯಲ್ಲ. ಮಕ್ಕಳನ್ನು ಗುರುವಾರ ಹನ್ನೊಂದಕ್ಕೆ ಕರೆದೊಯ್ಯುವುದಾದರೆ ಅದರ ಹಿಂದಿನ ಗುರುವಾರ ಹನ್ನೊಂದಕ್ಕೇ ಹೋಗಬೇಕು. ಒಂದೇ ಮಾರ್ಕೆಟ್ ಬೆಳಗ್ಗೆ ಒಂದು ಥರ, ಸಂಜೆ ಇನ್ನೊಂದು ಥರ. ಧಾರವಾಡದಲ್ಲಿ ಮಂಗಳವಾರ ಸಂತೆ. ಅವತ್ತು ನೋಡಲು ಸಿಗುವುದು ಹೆಚ್ಚು, ರೈತರು ತಾವೇ ತಂದು ಮಾರುತ್ತಾರೆ, ನಿಜ. ಆದರೆ ಹತ್ತು ವರ್ಷದ ಮೂವತ್ತಾರು ಮಕ್ಕಳನ್ನು ಆ ಗದ್ದಲಕ್ಕೆ ನಾನಂತೂ ಇಳಿಸುವುದಿಲ್ಲ. ಸಂತೆ ಏಳು-ಎಂಟನೇ ತರಗತಿಯವರಿಗಿರಲಿ. ಚಿಕ್ಕವರಿಗೆ ಸಂತೆಯಿಲ್ಲದ ದಿನ, ಹತ್ತೂಮುಕ್ಕಾಲರಿಂದ ಹನ್ನೆರಡರ ನಡುವಿನ ಹೊತ್ತು ಒಳ್ಳೆಯದು.

ಇನ್ನೂ ಮುಂಚೆ ಹೋಗಬಾರದೇಕೆ ಎನ್ನುವುದನ್ನು ಕಾಯಿಪಲ್ಲೆ ಮಾರುವ ಅಜ್ಜಿಯರನ್ನೇ ಕೇಳಿ. “ಹುಡುಗ್ರನ್ನ ಕರಕೊಂಡ ಬರ್ರಿ ಟೀಚರ, ನಾವೇನ ಬ್ಯಾಡ ಅನ್ನೂದಿಲ್ಲ. ಆದ್ರ ಬೋಣಿ ಆದಮ್ಯಾಲ ಬರ್ರಿ” ಎನ್ನುತ್ತಾರೆ. ಮೊದಲ ವ್ಯಾಪಾರವಾಗುವ ಮುನ್ನ ಆರು ಮಕ್ಕಳು ಮುಂದೆ ನಿಂತು ಬರೀ ದರ ಕೇಳಿಕೊಂಡು ಹೋದರೆ ಯಾರಿಗೂ ಸರಿ ಬರುವುದಿಲ್ಲ. ಹೀಗೆ ಮೊದಲೇ ಮಾತಾಡಿಸಿ ಒಪ್ಪಿಸಿದ ಏಳೆಂಟು ಮಂದಿಯ ಹತ್ತಿರ ಮಾತ್ರ ಮಕ್ಕಳು ನಿಲ್ಲುವಂತೆ ನೋಡಿಕೊಳ್ಳಿ.

ಈ ಭೇಟಿಯಲ್ಲಿ ಕಣ್ಣು ನೆಲದ ಮೇಲೂ ಇರಲಿ, ಮೇಲೂ ಇರಲಿ. ಸೊಪ್ಪು ಮಾರುವ ಸಾಲಿನಲ್ಲಿ ನೀರು ಚಿಮುಕಿಸಿ ನೆಲ ಜಾರುತ್ತಿರುತ್ತದೆ, ಕೊಳೆತ ಎಲೆ ಬಿದ್ದಿರುತ್ತದೆ. ಬಿಸಿಲಿಗೆ ಕಟ್ಟಿದ ತಾಡಪಾಲಿನ ಹಗ್ಗಗಳನ್ನು ದೊಡ್ಡವರು ತಲೆ ಬಗ್ಗಿಸಿ ದಾಟುತ್ತಾರೆ. ನೆಲದ ಕಡೆ ಇಳಿಯುವ ಆ ಹಗ್ಗದ ತುದಿ ಐದನೇ ತರಗತಿಯ ಮಗುವಿನ ಕುತ್ತಿಗೆಯ ಮಟ್ಟಕ್ಕೆ ಬರುತ್ತದೆ, ಓಡುವ ಮಗುವಿಗೆ ಅದು ಕಾಣುವುದಿಲ್ಲ. ಸಾಮಾನು ಇಳಿಸುವ ಗಾಡಿಗಳು ಯಾವ ಬದಿಯಿಂದ ಹಿಂದಕ್ಕೆ ಬರುತ್ತವೆ, ಬಿಡಾಡಿ ದನ ಎಲ್ಲಿ ಸೇರುತ್ತವೆ, ಒಣ ಮೆಣಸಿನಕಾಯಿ ಅಂಗಡಿಗಳು ಎಲ್ಲಿವೆ ಎಂದು ಗುರುತು ಮಾಡಿಕೊಳ್ಳಿ. ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು. ಹಾಗೆಂದು ಅದರ ಘಾಟು ಉಬ್ಬಸದ ಮಗುವನ್ನು ಬಿಡುವುದಿಲ್ಲ. ಕೊನೆಯದಾಗಿ, ಎಲ್ಲ ಗುಂಪುಗಳೂ ಬಂದು ಸೇರಲು ನೆರಳಿರುವ, ಗಾಡಿ ಬಾರದ, ದೂರದಿಂದ ಕಾಣುವ ಒಂದು ಜಾಗ ಆರಿಸಿ. ಪತ್ರದಲ್ಲಿ ಈ ಜಾಗದ ಹೆಸರು ಬರಬೇಕು.

ದಾರಿ ಮತ್ತು ಬಸ್ಸು

ನವಲೂರಿನಿಂದ ಧಾರವಾಡಕ್ಕೆ ಎರಡು ದಾರಿ: ಚಿಗರಿ ಬಸ್ಸು ಅಥವಾ ವಾಯವ್ಯ ಸಾರಿಗೆಯ ಸಾದಾ ಸಿಟಿ ಬಸ್ಸು. ಚಿಗರಿ ತನ್ನದೇ ಪಥದಲ್ಲಿ ಓಡುತ್ತದೆ, ನಿಲ್ದಾಣದ ಕಟ್ಟೆ ಮತ್ತು ಬಸ್ಸಿನ ನೆಲ ಒಂದೇ ಮಟ್ಟದಲ್ಲಿರುವುದರಿಂದ ಹತ್ತುವಾಗ ಬೀಳುವ ಭಯವಿಲ್ಲ. ಆದರೆ ಅದರ ನಿಲ್ದಾಣಗಳು ರಸ್ತೆಯ ನಟ್ಟನಡುವೆ ಇವೆ. ಹೋಗುವಾಗೊಮ್ಮೆ ಬರುವಾಗೊಮ್ಮೆ, ಎರಡೂ ಊರಲ್ಲಿ, ವಾಹನ ಓಡುವ ರಸ್ತೆ ದಾಟಲೇಬೇಕು. ಇನ್ನೊಂದು ವಿಷಯ ದುಡ್ಡಿನದು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾದಾ ಬಸ್ಸಿನಲ್ಲಿ ಶೂನ್ಯ ಟಿಕೆಟ್. ಎಸಿ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ, ಚಿಗರಿ ಎಸಿ ಬಸ್ಸು.

ನಮ್ಮ ಉದಾಹರಣೆಯ ಟೀಚರ್ ಸಾದಾ ಬಸ್ಸು ಆರಿಸಿಕೊಂಡರು. ಹುಡುಗಿಯರಿಗೆ, ಟೀಚರುಗಳಿಗೆ, ಜೊತೆಗೆ ಬರುವ ತಾಯಂದಿರಿಗೆ ಟಿಕೆಟ್ಟಿನ ಖರ್ಚಿಲ್ಲ. ಗುರುತಿನ ಚೀಟಿ ಮಾತ್ರ ಜೊತೆಗಿರಬೇಕು. ಹುಡುಗರಿಗೆ ಹನ್ನೆರಡು ತುಂಬುವವರೆಗೆ ಅರ್ಧ ಟಿಕೆಟ್. ಆದರೆ ನಲವತ್ತೆರಡು ಜನ ಒಮ್ಮೆಲೇ ಸಿಟಿ ಬಸ್ಸು ಹತ್ತಲು ಹೋದರೆ ಅರ್ಧ ಜನ ಕೆಳಗೆ ಉಳಿಯುತ್ತಾರೆ, ಬಾಗಿಲಲ್ಲಿ ನೂಕಾಟವಾಗುತ್ತದೆ. ಅದಕ್ಕೇ ಮೊದಲೇ ಎರಡು ತಂಡ ಮಾಡಬೇಕು. ಒಂದೊಂದರಲ್ಲಿ ಹದಿನೆಂಟು ಮಕ್ಕಳು, ಮೂವರು ದೊಡ್ಡವರು. ಮೊದಲ ತಂಡ ಇಳಿದ ಕಡೆಯೇ ನಿಂತು ಎರಡನೆಯದಕ್ಕೆ ಕಾಯಬೇಕು, ಮಾರ್ಕೆಟ್ಟಿನೊಳಗೆ ಹೋಗಿಬಿಡಬಾರದು. ಟಂಟಂನಲ್ಲಿ ತುಂಬಿಕೊಂಡು ಹೋಗೋಣ, ಯಾರೋ ಪಾಲಕರ ಗೂಡ್ಸ್ ಗಾಡಿ ಇದೆಯಲ್ಲ ಎಂಬ ಸಲಹೆ ಬಂದೇ ಬರುತ್ತದೆ. ಅದನ್ನು ಅಲ್ಲಿಗೇ ಕೈಬಿಡಿ.

ಎಷ್ಟು ಜನ ದೊಡ್ಡವರು, ಯಾರ ಹತ್ತಿರ ಯಾರು

ಶಾಲೆಯ ಅಂಗಳದಲ್ಲಿ ಒಬ್ಬ ಶಿಕ್ಷಕಿ ಮೂವತ್ತಾರು ಮಕ್ಕಳನ್ನು ನೋಡಿಕೊಳ್ಳಬಲ್ಲಳು. ಮಾರ್ಕೆಟ್ಟಿನಲ್ಲಿ ಒಬ್ಬರ ಕಣ್ಣಳತೆಗೆ ಆರು ಮಕ್ಕಳೇ ಹೆಚ್ಚು. ಹೀಗೆ ಆರು ಗುಂಪು, ಆರು ಜನ ದೊಡ್ಡವರು: ಇಬ್ಬರು ಟೀಚರ್, ಒಬ್ಬರು ಸರ್, ಮೂವರು ತಾಯಂದಿರು. ತಾಯಂದಿರ ಗುಂಪಿಗೆ ಅವರದೇ ಮಗುವನ್ನು ಹಾಕುವುದು ಬೇಡ. ತನ್ನ ಮಗುವಿನ ಮೇಲೇ ಕಣ್ಣು ನೆಟ್ಟು ಉಳಿದ ಐವರು ಮರೆತುಹೋಗುವುದು ಸಹಜ. ಯಾವ ದೊಡ್ಡವರೂ ಒಂದೇ ಮಗುವನ್ನು ಕರೆದುಕೊಂಡು ಬೇರೆ ಕಡೆ ಹೋಗಬಾರದು, ಶೌಚಕ್ಕಾದರೂ ಜೋಡಿಯ ಇನ್ನೊಂದು ಮಗು ಜೊತೆಗಿರಬೇಕು. ಇದನ್ನು ಬರುವ ತಾಯಂದಿರಿಗೂ ಹಿಂದಿನ ದಿನವೇ ತಿಳಿಸಿ.

ಎಣಿಕೆಗೆ ತಲೆ ಲೆಕ್ಕ ನೆಚ್ಚಬೇಡಿ. ಮಾರ್ಕೆಟ್ಟಿನಲ್ಲಿ ಬೇರೆ ಮಕ್ಕಳೂ ಇರುತ್ತಾರೆ, ಓಡಾಡುವ ತಲೆಗಳನ್ನು ಎಣಿಸುವಾಗ ಒಂದು ಹೆಚ್ಚು ಒಂದು ಕಡಿಮೆ ಆಗುವುದು ಗೊತ್ತಾಗುವುದೇ ಇಲ್ಲ. ಗುಂಪಿನಲ್ಲಿ ಒಂದರಿಂದ ಆರರವರೆಗೆ ಒಬ್ಬೊಬ್ಬರಿಗೆ ಒಂದು ಅಂಕಿ ಕೊಡಿ, ಪ್ರತಿ ಸಲ ತಮ್ಮ ಅಂಕಿ ತಾವೇ ಕೂಗಲಿ. “ನಾಲ್ಕು” ಆದಮೇಲೆ ಸದ್ದಿಲ್ಲದಿದ್ದರೆ ಇಲ್ಲದಿರುವುದು ಯಾರೆಂದು ಆ ಕ್ಷಣಕ್ಕೇ ತಿಳಿಯುತ್ತದೆ. ಗೇಟು ಬಿಡುವಾಗ, ಬಸ್ಸು ಹತ್ತಿದ ಮೇಲೆ, ಇಳಿದ ಮೇಲೆ, ಮಾರ್ಕೆಟ್ಟಿನ ಬಾಯಲ್ಲಿ, ಒಂದೊಂದು ಸಾಲು ದಾಟಿದಾಗ ಕೂಗಿಸಬೇಕು.

ಕೊರಳಿಗೆ ಹಾಕುವ ಚೀಟಿಯ ಬಗ್ಗೆ ಒಂದು ಮಾತು. ಅದರಲ್ಲಿ ಶಾಲೆಯ ಹೆಸರು, ಟೀಚರ್ ಫೋನ್ ನಂಬರ್, ಗುಂಪಿನ ಅಂಕಿ ಇದ್ದರೆ ಸಾಕು. ಮಗುವಿನ ಹೆಸರನ್ನು ದಪ್ಪಕ್ಷರದಲ್ಲಿ ಬರೆಯಬೇಡಿ. ಗುರುತಿಲ್ಲದವರು ಹೆಸರು ಹಿಡಿದು ಕರೆದರೆ ಮಕ್ಕಳು ಗುರುತಿನವರೇ ಎಂದು ನಂಬಿಬಿಡುತ್ತಾರೆ.

ಆರು ಜನ ದೊಡ್ಡವರಲ್ಲಿ ಒಬ್ಬರು ಅಂದು ಬಾರದಿದ್ದರೆ? ಆರರ ಜಾಗದಲ್ಲಿ ಐದು ಜನ ಸಾಕು ಎಂದು ಹೊರಟುಬಿಡುವುದು ಎಲ್ಲೆಡೆ ಆಗುವ ತಪ್ಪು. ಆರಕ್ಕಿಂತ ಕಡಿಮೆಯಾದರೆ ಹೋಗುವುದಿಲ್ಲ ಎಂದು ಪತ್ರದಲ್ಲೇ ಬರೆದುಬಿಡಿ. ಬರೆದ ಮೇಲೆ ಅವತ್ತಿನ ಬೆಳಗ್ಗೆ ಯಾರ ಒತ್ತಾಯಕ್ಕೂ ಸಡಿಲ ಬಿಡಬೇಕಾಗಿಲ್ಲ. ಏಳನೆಯವರೊಬ್ಬರನ್ನು ಕಾಯ್ದಿರಿಸಿಕೊಂಡರೆ ಇನ್ನೂ ಒಳ್ಳೆಯದು.

ಖರ್ಚಿನ ಲೆಕ್ಕ

ಪೂರ್ಣ ಟಿಕೆಟ್ 14 ರೂಪಾಯಿ, ಅರ್ಧ ಟಿಕೆಟ್ 7 ಎಂದು ಹಿಡಿಯೋಣ. ನಿಮ್ಮ ದಾರಿಯ ದರ ಕಂಡಕ್ಟರರನ್ನು ಕೇಳಿ ತಿಳಿದುಕೊಳ್ಳಿ. 17 ಹುಡುಗರಿಗೆ 119, ಸರ್‌ಗೆ 14, ಒಟ್ಟು 133. ಹೋಗಿಬರಲು 266. ಒಂದೊಂದು ಗುಂಪಿಗೆ ಕೊಳ್ಳಲು 60 ರೂಪಾಯಿಯಂತೆ 360. ಕೊರಳಚೀಟಿ, ಝೆರಾಕ್ಸ್, ಬ್ಯಾಂಡೇಜ್, ಓಆರ್‌ಎಸ್ ಪೊಟ್ಟಣಕ್ಕೆ 94. ಎಲ್ಲ ಸೇರಿ 720, ಒಂದು ಮಗುವಿಗೆ 20 ರೂಪಾಯಿ. ಊಟಕ್ಕೆ ಬೇರೆ ಖರ್ಚಿಲ್ಲ, ಬಿಸಿಯೂಟದ ಹೊತ್ತಿಗೆ ಶಾಲೆಗೆ ಮರಳಬೇಕು.

ಇಲ್ಲೊಂದು ತಕರಾರು ಎದ್ದೇ ಏಳುತ್ತದೆ. ಹುಡುಗಿಯರಿಗೆ ಬಸ್ಸು ಪುಕ್ಕಟೆಯಾದರೆ ಅವರೇಕೆ ಇಪ್ಪತ್ತು ಕೊಡಬೇಕು? ಲೆಕ್ಕದ ಪ್ರಕಾರ ಹೌದು, ಬಸ್ಸಿನ ದುಡ್ಡು ಹುಡುಗರಿಂದಲೇ ಎತ್ತಬೇಕು. ಹಾಗೆ ಮಾಡಿದರೆ ತರಗತಿಯಲ್ಲಿ ಎರಡು ದರದ ಚೀಟಿ ಓಡಾಡುತ್ತವೆ, ಹದಿನೈದು-ಹದಿನಾರು ರೂಪಾಯಿಯ ವ್ಯತ್ಯಾಸಕ್ಕೆ ಮಕ್ಕಳೇ ಜಗಳ ತೆಗೆಯುತ್ತಾರೆ. ಒಂದೇ ದರ ಇಟ್ಟು, ಶೂನ್ಯ ಟಿಕೆಟ್ಟಿನಿಂದ ಎಲ್ಲರಿಗೂ ಖರ್ಚು ಕಡಿಮೆಯಾಗಿದೆ ಎಂದು ಪತ್ರದಲ್ಲಿ ಹೇಳುವುದು ನನಗೆ ಸರಿ ಕಾಣುತ್ತದೆ. ಪಾಲಕರ ಸಭೆಯಲ್ಲಿ ಬೇರೆ ಅಭಿಪ್ರಾಯ ಬಂದರೆ ಅವರ ಮಾತೇ ನಡೆಯಲಿ.

ಸರ್ಕಾರಿ ಶಾಲೆಯಲ್ಲಿ ಈ ಇಪ್ಪತ್ತನ್ನೂ ಕಡ್ಡಾಯ ಮಾಡುವಂತಿಲ್ಲ. ದುಡ್ಡಿಗೂ ಒಪ್ಪಿಗೆಗೂ ಗಂಟು ಹಾಕದಂತೆ ಪತ್ರ ಬರೆಯಬೇಕು. “ಹಣ ಕೊಡಲಾಗುವುದಿಲ್ಲ” ಎಂದು ಗುರುತು ಹಾಕುವ ಚೌಕವನ್ನು ಚೀಟಿಯಲ್ಲಿ ಇಡಬೇಡಿ. ಆ ಚೀಟಿಯನ್ನು ಹೊತ್ತು ತರುವುದು ಮಗು, ಅದನ್ನು ಪಕ್ಕದ ಬೆಂಚಿನವರೆಲ್ಲ ಓದುತ್ತಾರೆ. ಸಹಿ ಮಾಡಿದ ಚೀಟಿ ಬಂದರೆ ಮಗು ಹೊರಡುತ್ತದೆ, ಅಷ್ಟೇ. ನಾಲ್ಕು ಮನೆಯಿಂದ ಹಣ ಬಾರದಿದ್ದರೆ ಕೊರತೆ 80 ರೂಪಾಯಿ. ಅದನ್ನು ಎಲ್ಲಿಂದ ತುಂಬುವುದೆಂದು ಶಾಲೆಯ ಅಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ಮೊದಲೇ ಮಾತಾಗಿರಲಿ.

ಮೇಲಿನವರಿಗೆ ಪತ್ರ

ಇದು ಚಿಕ್ಕ ಕೆಲಸ, ಆದರೆ ಮೊದಲು ಆಗಬೇಕಾದದ್ದು. ತರಗತಿಯ ಶಿಕ್ಷಕರು ಮುಖ್ಯ ಶಿಕ್ಷಕರಿಗೆ ಅರ್ಜಿ ಕೊಡಬೇಕು, ಅವರ ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಪತ್ರ ಹೋಗಬೇಕು. ದಿನ, ಹೊತ್ತು, ಜಾಗ, ಮಕ್ಕಳ ಸಂಖ್ಯೆ, ಜೊತೆಗಿರುವವರ ಹೆಸರು, ಪಾಠದ ಉದ್ದೇಶ ಇಷ್ಟನ್ನು ಒಂದು ಪುಟದಲ್ಲಿ ಬರೆದು, ನಕಲಿನ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಂಡು ಬನ್ನಿ. ಖಾಸಗಿ ಶಾಲೆಯವರು ಆಡಳಿತ ಮಂಡಳಿಯಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಬೇಕು. ಬಾಯಿಮಾತಿನ “ಆಯ್ತು ಹೋಗಿ ಬರ್ರಿ” ನೆಚ್ಚಿಕೊಂಡು ಪಾಲಕರಿಗೆ ಪತ್ರ ಹಂಚಬಾರದು. ಎಪಿಎಂಸಿ ಪ್ರಾಂಗಣಕ್ಕೆ ಹೋಗುವವರಾದರೆ ಅಲ್ಲಿನ ಕಾರ್ಯದರ್ಶಿಗೂ ಒಂದು ಪತ್ರ ಬೇಕು. ಹರಾಜಿನ ಸವಾಲು ನಡೆಯುವ ಹೊತ್ತು, ಲಾರಿ ಬರುವ ಗೇಟು ಯಾವುದೆಂದು ಅವರೇ ಹೇಳುತ್ತಾರೆ.

ಪಾಲಕರಿಗೆ ಪತ್ರ

ಈಗ ಪತ್ರ. ಇಷ್ಟು ತಯಾರಿ ಆಗಿದ್ದರೆ ಇದನ್ನು ಬರೆಯಲು ಅರ್ಧ ತಾಸು ಸಾಕು. ಒಂದು ಹಾಳೆಯ ಒಂದೇ ಬದಿಗೆ ಮುಗಿಯಬೇಕು, ಜೊತೆಗೆ ಬರುವವರ ಹೆಸರು ಮಾತ್ರ ಹಿಂಬದಿಗೆ. ಕಚೇರಿ ಕನ್ನಡ ಬೇಡ, ಮನೆಯಲ್ಲಿ ಅಜ್ಜನಿಗೆ ಮಗು ಓದಿ ಹೇಳಿದರೆ ಅರ್ಥವಾಗುವಂತಿರಲಿ.

> ಪ್ರೀತಿಯ ಪಾಲಕರೇ, ನಮಸ್ಕಾರ.
>
> ಐದನೇ ತರಗತಿಯ ಮಕ್ಕಳನ್ನು ಗುರುವಾರ, ದಿನಾಂಕ ________ ರಂದು ಧಾರವಾಡದ ಸೂಪರ್ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಬೇಕೆಂದಿದ್ದೇವೆ. ಮಕ್ಕಳು ಪೇರಲ ಹಣ್ಣಿನ ದರವನ್ನು ಮೂರು ಕಡೆ ಕೇಳಿ ಬರೆದುಕೊಳ್ಳುತ್ತಾರೆ. ಕೋಸಂಬರಿಗೆ ಬೇಕಾದ ಕಾಯಿಪಲ್ಲೆಯನ್ನು 60 ರೂಪಾಯಿಯೊಳಗೆ ಕೊಂಡು ಲೆಕ್ಕ ಒಪ್ಪಿಸುತ್ತಾರೆ. ಇದು ಗಣಿತ ಮತ್ತು ಪರಿಸರ ಅಧ್ಯಯನದ ಪಾಠದ ಭಾಗ.
>
> ಹೊತ್ತು: ಬೆಳಗ್ಗೆ 10 ಗಂಟೆಗೆ ಶಾಲೆಯಿಂದ ಹೊರಟು ಮಧ್ಯಾಹ್ನ 12.45ಕ್ಕೆ ಶಾಲೆಗೇ ಮರಳುತ್ತೇವೆ. ಊಟ ಶಾಲೆಯಲ್ಲಿ. ಮಾರ್ಕೆಟ್ಟಿನಿಂದ ಯಾವ ಮಗುವನ್ನೂ ನೇರವಾಗಿ ಮನೆಗೆ ಕಳಿಸುವುದಿಲ್ಲ. ನೀವು ಅಥವಾ ನೆಂಟರು ಅಲ್ಲಿಗೆ ಬಂದು ಕೇಳಿದರೂ ಕಳಿಸುವುದಿಲ್ಲ.
>
> ಹೋಗುವುದು: ಸಾದಾ ಸಿಟಿ ಬಸ್ಸಿನಲ್ಲಿ, ಎರಡು ತಂಡಗಳಾಗಿ. ಹುಡುಗಿಯರು ಗುರುತಿನ ಚೀಟಿಯ ಝೆರಾಕ್ಸ್ ತರಬೇಕು.
>
> ನೋಡಿಕೊಳ್ಳುವವರು: ಆರು ಮಕ್ಕಳಿಗೆ ಒಬ್ಬರಂತೆ ಮೂವರು ಶಿಕ್ಷಕರು ಮತ್ತು ಮೂವರು ತಾಯಂದಿರು. ಅವರ ಹೆಸರು ಹಿಂಬದಿಯಲ್ಲಿದೆ. ಆ ದಿನ ಆರಕ್ಕಿಂತ ಕಡಿಮೆ ಜನರಿದ್ದರೆ, ಅಥವಾ ಜೋರು ಮಳೆ ಇದ್ದರೆ, ಹೋಗುವುದಿಲ್ಲ.
>
> ಸುರಕ್ಷತೆ: ಮಕ್ಕಳು ಜೋಡಿಯಾಗಿ ಇರುತ್ತಾರೆ. ಪ್ರತಿ ಹಂತದಲ್ಲಿ ಎಣಿಸುತ್ತೇವೆ. ರಸ್ತೆಯನ್ನು ಸಿಗ್ನಲ್ ಇರುವಲ್ಲಿ ಮಾತ್ರ, ಎರಡೂ ಬದಿ ಶಿಕ್ಷಕರು ನಿಂತು ದಾಟಿಸುತ್ತಾರೆ. ಒಣ ಮೆಣಸಿನಕಾಯಿ ಅಂಗಡಿಗಳ ಸಾಲಿಗೆ ಹೋಗುವುದಿಲ್ಲ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಜೊತೆಗಿರುತ್ತದೆ. ಗುಂಪು ತಪ್ಪಿದ ಮಗು ನಿಂತಲ್ಲೇ ನಿಲ್ಲಬೇಕು, ಹತ್ತಿರದ ಅಂಗಡಿಯವರಿಗೆ ಕೊರಳಚೀಟಿ ತೋರಿಸಬೇಕು ಎಂದು ಕಲಿಸಿದ್ದೇವೆ, ನೀವೂ ಮನೆಯಲ್ಲಿ ಹೇಳಿ. ಎಲ್ಲರೂ ಸೇರುವ ಜಾಗ: ________
>
> ಖರ್ಚು: ಒಂದು ಮಗುವಿಗೆ 20 ರೂಪಾಯಿ. ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚು ಇಲ್ಲದ್ದರಿಂದ ಎಲ್ಲರಿಗೂ ಇಷ್ಟು ಕಡಿಮೆಯಾಗಿದೆ. ಕೊಡಲು ಅನುಕೂಲ ಇಲ್ಲದಿದ್ದರೆ ಸಹಿ ಮಾಡಿದ ಚೀಟಿಯನ್ನಷ್ಟೇ ಕಳಿಸಿ, ಮಗು ಎಲ್ಲರ ಜೊತೆ ಬರುತ್ತದೆ. ಮಗುವಿನ ಕೈಗೆ ಬೇರೆ ದುಡ್ಡು ಕೊಡಬೇಡಿ.
>
> ಆ ದಿನ ಸಂಪರ್ಕಿಸಲು: ತರಗತಿ ಶಿಕ್ಷಕಿ ________, ಶಾಲೆ ________
>
> ಕೆಳಗಿನ ಚೀಟಿಯನ್ನು ಸೋಮವಾರದೊಳಗೆ ಕಳಿಸಿಕೊಡಿ. ಏನಾದರೂ ಕೇಳುವುದಿದ್ದರೆ ಶನಿವಾರ ಶಾಲೆ ಬಿಟ್ಟ ಮೇಲೆ ನಾವು ತರಗತಿಯಲ್ಲೇ ಇರುತ್ತೇವೆ.
>
> ತರಗತಿ ಶಿಕ್ಷಕಿ — ಮುಖ್ಯ ಶಿಕ್ಷಕರು
>
> ✂ - - - - - - - - - - - - - - - - - -
>
> ವಿದ್ಯಾರ್ಥಿಯ ಹೆಸರು: ________
>
> ಪತ್ರ ಓದಿದ್ದೇನೆ / ಓದಿಸಿ ಕೇಳಿದ್ದೇನೆ. ನನ್ನ ಮಗು ಬರಲು ಒಪ್ಪಿಗೆ: ಇದೆ / ಇಲ್ಲ
>
> ಉಬ್ಬಸ, ಮೂರ್ಛೆ, ಅಲರ್ಜಿ, ಬಸ್ಸಿನಲ್ಲಿ ವಾಂತಿ, ಇತರೆ: ________ ತೆಗೆದುಕೊಳ್ಳುವ ಔಷಧಿ: ________
>
> ಆ ದಿನ ಬೆಳಗ್ಗೆ 10ರಿಂದ 1ರವರೆಗೆ ಸಿಗುವ ಫೋನ್: ________ ಅದು ಸಿಗದಿದ್ದರೆ: ________
>
> ಮಗುವಿನ ಫೋಟೋ ತೆಗೆದು ಶಾಲೆಯ ಫಲಕದಲ್ಲಿ ಹಾಕಲು: ಆಗಬಹುದು / ಬೇಡ
>
> ಸಹಿ ಅಥವಾ ಹೆಬ್ಬೆಟ್ಟು: ________ ಮಗುವಿಗೆ ಏನಾಗಬೇಕು: ________

ಪತ್ರದಲ್ಲಿ ಏನಿಲ್ಲ ಎಂಬುದನ್ನು ಗಮನಿಸಿ. “ಅನಾಹುತಕ್ಕೆ ಶಾಲೆ ಹೊಣೆಯಲ್ಲ” ಎಂಬ ಸಾಲು ಇಲ್ಲ. ಪಾಲಕರಿಂದ ಹಾಗೆ ಬರೆಸಿಕೊಂಡ ಮಾತ್ರಕ್ಕೆ ಮಗುವನ್ನು ಜೋಪಾನ ಮಾಡುವ ಶಿಕ್ಷಕರ ಹೊಣೆ ತಪ್ಪುವುದಿಲ್ಲ, ನಿರ್ಲಕ್ಷ್ಯವಾಗಿದ್ದರೆ ಆ ಸಾಲು ಯಾರನ್ನೂ ಕಾಯುವುದೂ ಇಲ್ಲ. ಅದು ಮಾಡುವ ಕೆಲಸ ಒಂದೇ, ಓದಿದವರ ಎದೆಯಲ್ಲಿ ಹೆದರಿಕೆ ಹುಟ್ಟಿಸುವುದು. ಅನುಭವಿ ಶಿಕ್ಷಕರೂ ಇದನ್ನು ಹಳೆಯ ಚೀಟಿಯಿಂದ ನಕಲು ಮಾಡುತ್ತಲೇ ಬಂದಿದ್ದಾರೆ. ಅಳಿಸಿಬಿಡಿ.

ದುಡ್ಡು ಕೊಡಬೇಡಿ ಎಂಬ ಸಾಲು ಮಾತ್ರ ಇರಲೇಬೇಕು. ಧಾರವಾಡಕ್ಕೆ ಹೋಗುವ ಮಗುವಿನ ಕೈಗೆ ಹತ್ತು ರೂಪಾಯಿ ತುರುಕದ ಅಜ್ಜಿ ನಮ್ಮ ಕಡೆ ಇಲ್ಲ. ಆ ಹತ್ತು ರೂಪಾಯಿ ಗಿರಮಿಟ್ಟಿನ ಗಾಡಿ ಕಂಡ ಕೂಡಲೇ ಮಗುವನ್ನು ಗುಂಪಿನಿಂದ ಎಳೆಯುತ್ತದೆ. ಫೇಡೆ ಅಂಗಡಿಯ ಮುಂದೆ ಹಾದುಹೋಗುವ ದಾರಿಯನ್ನೂ ಸಾಧ್ಯವಾದರೆ ತಪ್ಪಿಸಿ.

ಚೀಟಿ ವಾಪಸು ಬಂದಾಗ

ಸೋಮವಾರ ಸಂಜೆ ಕುಳಿತು ಒಂದೊಂದೇ ಚೀಟಿ ಓದಿ, ಎಣಿಸಿ ಇಟ್ಟುಬಿಡಬೇಡಿ. ಉಬ್ಬಸ ಎಂದು ಬರೆದವರಿಗೆ ಅಂದೇ ಫೋನ್ ಮಾಡಿ, ಇನ್‌ಹೇಲರ್ ಬಳಸುವುದಾದರೆ ಅದನ್ನು ಗುಂಪಿನ ಹಿರಿಯರ ಕೈಗೆ ಕೊಟ್ಟು ಹೇಗೆ ಬಳಸಬೇಕೆಂದು ತೋರಿಸಲು ಹೇಳಿ. ಬಸ್ಸಿನಲ್ಲಿ ವಾಂತಿ ಎಂದಿದ್ದವರನ್ನು ಕಿಟಕಿ ಪಕ್ಕ ಕೂರಿಸಲು ಗುರುತು ಹಾಕಿಕೊಳ್ಳಿ. ಕೊಟ್ಟ ಎರಡು ನಂಬರಿಗೂ ಒಮ್ಮೆ ರಿಂಗ್ ಕೊಟ್ಟು ನೋಡಿ. ಇಪ್ಪತ್ತು ಚೀಟಿಗೆ ಒಂದೆರಡು ನಂಬರ್ ಆದರೂ ಹಳೆಯದಾಗಿರುತ್ತದೆ.

ಮಗುವಿಗೆ ಏನಾಗಬೇಕು ಎಂಬ ಖಾಲಿ ಜಾಗ ಸುಮ್ಮನೆ ಇಟ್ಟದ್ದಲ್ಲ. ತಂದೆತಾಯಿ ದುಡಿಯಲು ಗೋವಾಕ್ಕೋ ಮುಂಬಯಿಗೋ ಹೋಗಿ ಮಕ್ಕಳು ಅಜ್ಜಿಯ ಹತ್ತಿರ, ಸೋದರಮಾವನ ಹತ್ತಿರ ಇರುವ ಮನೆಗಳು ಈ ಭಾಗದಲ್ಲಿ ಬಹಳ. ಅಂಥಲ್ಲಿ ಮಗುವನ್ನು ಸದ್ಯ ನೋಡಿಕೊಳ್ಳುತ್ತಿರುವವರ ಸಹಿ ಪಡೆದು, ತಂದೆ ಅಥವಾ ತಾಯಿಗೆ ಫೋನಿನಲ್ಲಿ ತಿಳಿಸಿ, ಯಾರ ಜೊತೆ ಯಾವಾಗ ಮಾತಾಡಿದಿರಿ ಎಂದು ಚೀಟಿಯ ಹಿಂದೆ ಬರೆದಿಡಿ. ಓದಲು ಬಾರದವರಿಗೆ, ಮನೆಯಲ್ಲಿ ಉರ್ದು ಅಥವಾ ಲಂಬಾಣಿ ಮಾತಾಡುವವರಿಗೆ ಪತ್ರ ಕಳಿಸಿ ಸುಮ್ಮನಾದರೆ ಆಗದು, ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಲ್ಲಿಸಿ ಹೇಳಬೇಕು. ವಾಟ್ಸಾಪ್ ಗುಂಪಿನಲ್ಲಿ ಬಂದ ಹೆಬ್ಬೆರಳಿನ ಚಿತ್ರವನ್ನು ಒಪ್ಪಿಗೆ ಎಂದು ಲೆಕ್ಕ ಹಿಡಿಯಬೇಡಿ. ಅದು ಸಂದೇಶ ನೋಡಿದ್ದಕ್ಕೆ ಗುರುತು ಅಷ್ಟೇ, ಅದನ್ನು ಒತ್ತಿದ್ದು ಮಗುವಿನ ಅಣ್ಣನೂ ಇರಬಹುದು.

ಚೀಟಿ ತಾರದ ಮಗು ಆ ದಿನ ಬೆಳಗ್ಗೆ “ಟೀಚರ, ಅವ್ವ ಹೂಂ ಅಂದಾಳ್ರೀ” ಎಂದು ಅಳುತ್ತಾ ನಿಂತಾಗ ಮನಸ್ಸು ಕರಗುತ್ತದೆ. ಫೋನ್ ಹಚ್ಚಿ, ತಾಯಿ ಅಥವಾ ತಂದೆ ಬಂದು ಸಹಿ ಮಾಡುವುದಾದರೆ ಹತ್ತರವರೆಗೆ ಕಾಯಬಹುದು. ಇಲ್ಲದಿದ್ದರೆ ಕರೆದೊಯ್ಯಬಾರದು. ಶಾಲೆಯಲ್ಲೇ ಉಳಿದ ಮಕ್ಕಳನ್ನು ನಾಲ್ಕನೇ ತರಗತಿಯಲ್ಲಿ ಕೂರಿಸಿ, ಅದೇ ದರದ ಹಾಳೆಯನ್ನು ಕೊಟ್ಟು ಶಾಲೆಯ ಎದುರಿನ ಅಂಗಡಿಯವರನ್ನು ಗೇಟಿನ ಬಳಿ ಕರೆಸಿ ಪ್ರಶ್ನೆ ಕೇಳಿಸಿದರೆ ಅವರಿಗೂ ಲೆಕ್ಕ ಮಾಡಲು ಸರಕು ಸಿಗುತ್ತದೆ.

ಅಲ್ಲಿ ಏನಾದರೂ ಆದರೆ

ಅಂಕಿ ಕೂಗಿಸಿದಾಗ ಒಬ್ಬರು ಇಲ್ಲವೆಂದಾದರೆ ಗುಂಪಿನ ಹಿರಿಯರು ಹುಡುಕಲು ಓಡಬಾರದು. ಉಳಿದ ಐವರನ್ನು ಬಿಟ್ಟು ಓಡಿದರೆ ಒಬ್ಬರ ಜಾಗದಲ್ಲಿ ಆರು ಮಕ್ಕಳು ಕಾಣೆಯಾಗುತ್ತಾರೆ. ಅವರು ಐವರ ಜೊತೆ ಅಲ್ಲೇ ನಿಂತು ತರಗತಿ ಶಿಕ್ಷಕಿಗೆ ಫೋನ್ ಮಾಡಬೇಕು. ಸರ್ ತಮ್ಮ ಗುಂಪನ್ನು ಸೇರುವ ಜಾಗದಲ್ಲಿ ಇನ್ನೊಬ್ಬರಿಗೆ ಒಪ್ಪಿಸಿ, ಮಗು ಕೊನೆಗೆ ಕಂಡ ಅಂಗಡಿಯಿಂದ ಹುಡುಕುತ್ತಾ ಹೊರಡಬೇಕು. ಈ ಕೆಲಸ ಮೊದಲೇ ಹಂಚಿಕೊಂಡಿರಿ. ಹೆಚ್ಚಿನ ಸಲ ಮಗು ಹಿಂದಿನ ಅಂಗಡಿಯ ಮುಂದೆಯೇ ತಕ್ಕಡಿ ನೋಡುತ್ತಾ ನಿಂತಿರುತ್ತದೆ. ಹತ್ತು ನಿಮಿಷದಲ್ಲಿ ಸಿಗದಿದ್ದರೆ 112ಕ್ಕೆ ಕರೆ ಮಾಡಿ, ಪಾಲಕರಿಗೂ ತಿಳಿಸಿ. ಹೆದರಿ ಮುಚ್ಚಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಆಂಬುಲೆನ್ಸಿಗೆ 108, ಮಕ್ಕಳ ಸಹಾಯವಾಣಿ 1098. ಈ ಮೂರೂ ನಂಬರ್ ಆರೂ ಜನರ ಕೈಯ ಹಾಳೆಯಲ್ಲಿ ಬರೆದಿರಲಿ, ಫೋನಿನಲ್ಲಿ ಇದೆಯಲ್ಲ ಎಂದು ಬಿಡಬೇಡಿ.

ಮರಳಿದ ಮೇಲೆ ಲೆಕ್ಕ

ಎರಡು ದಿನದೊಳಗೆ ಪಾಲಕರಿಗೆ ಖರ್ಚಿನ ಚೀಟಿ ಹೋಗಬೇಕು. ನಮ್ಮ ಉದಾಹರಣೆಯಲ್ಲಿ ಅಂದು ಒಬ್ಬ ಹುಡುಗ, ಒಬ್ಬ ಹುಡುಗಿ ಬರಲಿಲ್ಲ, 34 ಮಕ್ಕಳು ಹೋಗಿಬಂದರು ಎಂದುಕೊಳ್ಳಿ. ಆಗ ಚೀಟಿ ಹೀಗಿರುತ್ತದೆ:

> ಬಂದ ಹಣ: 33 ಮಕ್ಕಳಿಂದ ರೂ. 660. ಹಣ ಕೊಟ್ಟು ಬಾರದ ಒಂದು ಮಗುವಿಗೆ ವಾಪಸು ರೂ. 20. ಉಳಿದದ್ದು ರೂ. 640.
>
> ಖರ್ಚು: ಬಸ್ಸು ರೂ. 252, ಮಕ್ಕಳು ಕೊಂಡ ಕಾಯಿಪಲ್ಲೆ, ಹಣ್ಣು ರೂ. 338, ಕೊರಳಚೀಟಿ ಮತ್ತು ಪ್ರಥಮ ಚಿಕಿತ್ಸೆ ರೂ. 90. ಒಟ್ಟು ರೂ. 680.
>
> ಕೊರತೆ ರೂ. 40, ಎಸ್‌ಡಿಎಂಸಿಯಿಂದ.

ಕಾಯಿಪಲ್ಲೆಗೆ ರಸೀದಿ ಸಿಗುವುದಿಲ್ಲ. ಅದರ ಬದಲು ಒಂದೊಂದು ಗುಂಪಿನ ಮಕ್ಕಳು ಏನು, ಎಷ್ಟು, ಎಷ್ಟಕ್ಕೆ ಎಂದು ಬರೆದ ಹಾಳೆಗೆ ಜೊತೆಗಿದ್ದವರ ಸಹಿ ಹಾಕಿಸಿ ಇಟ್ಟುಕೊಳ್ಳಿ. ಬಸ್ ಟಿಕೆಟ್ಟುಗಳನ್ನು, ಶೂನ್ಯ ಟಿಕೆಟ್ಟುಗಳನ್ನೂ ಸೇರಿಸಿ, ಒಂದು ಹಾಳೆಗೆ ಅಂಟಿಸಿ. ಒಪ್ಪಿಗೆ ಚೀಟಿಗಳ ಕಟ್ಟನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ಸೀಲಿರುವ ನಕಲಿನ ಜೊತೆ ಆ ಶೈಕ್ಷಣಿಕ ವರ್ಷ ಮುಗಿಯುವವರೆಗೆ ಶಾಲೆಯ ಕಪಾಟಿನಲ್ಲಿ ಇಡಬೇಕು. ಮಕ್ಕಳ ಕಾಯಿಲೆಯ ವಿವರ ಇರುವುದರಿಂದ ಅದನ್ನು ಸ್ಟಾಫ್ ರೂಮಿನ ಟೇಬಲ್ಲಿನ ಮೇಲೆ ಬಿಟ್ಟು ಹೋಗಬೇಡಿ.